ಮೂರು ಕೊಟೇಷನ್, ಒಂದೇ ಬಚ್ಚಲುಮನೆ: ಮೊತ್ತ ಬಿಟ್ಟು ಬಾಬ್ತು ನೋಡುವ ಕ್ರಮ

[ದೃಶ್ಯ: ಮೇಜಿನ ಮೇಲೆ ಮೂರು ಕೊಟೇಷನ್ ಹಾಳೆಗಳು. ಮೂರರಲ್ಲೂ ಕೊನೆಯ ಸಾಲಿನ ಮೊತ್ತ ಮಾತ್ರ ಕಾಣುತ್ತದೆ.]

ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಸುಮಾರು 25 ವರ್ಷ ಹಳೆಯದಾದ ಒಂದು ಮನೆಯಿದೆ ಎಂದುಕೊಳ್ಳೋಣ. ಮೊದಲ ಮಹಡಿಯ ಬಚ್ಚಲುಮನೆಯಿಂದ ನೀರು ಇಳಿದು ಕೆಳಗಿನ ಹಾಲ್‌ನ ಚಾವಣಿಯಲ್ಲಿ ತೇವದ ಕಲೆ ಹರಡುತ್ತಿದೆ. ಹಳೆಯ ಟೈಲ್ಸ್ ತೆಗೆದು, ಸೋರಿಕೆ ನಿಲ್ಲಿಸಿ, ಹೊಸದಾಗಿ ಮಾಡಿಸಲು ಮನೆಯವರು ಮೂರು ಕಡೆ ಕೊಟೇಷನ್ ಪಡೆದಿದ್ದಾರೆ. ಮೊದಲನೆಯದರ ಮೊತ್ತ 74,950 ರೂಪಾಯಿ, ಎರಡನೆಯದರದ್ದು 1,12,275, ಮೂರನೆಯದರದ್ದು 96,650. ಕಮೋಡ್, ಬೇಸಿನ್, ನಲ್ಲಿಗಳನ್ನು ಮನೆಯವರೇ ತಂದುಕೊಡುವುದರಿಂದ ಅವು ಯಾವುದರಲ್ಲೂ ಸೇರಿಲ್ಲ. ಈ ದರಗಳನ್ನು ಲೆಕ್ಕ ತೋರಿಸುವುದಕ್ಕಾಗಿ ನಾನು ಹಾಕಿಕೊಂಡಿದ್ದೇನೆ. ನಿಮ್ಮ ಬಡಾವಣೆಯಲ್ಲಿ ಅವು ಬೇರೆ ಇರುತ್ತವೆ, ಆದರೆ ಲೆಕ್ಕದ ಕ್ರಮ ಇದೇ.

ಮೊದಲನೆಯವರಿಗೂ ಎರಡನೆಯವರಿಗೂ 37,000 ರೂಪಾಯಿಗೂ ಮೀರಿದ ಅಂತರವಿದೆ. ಅದನ್ನು ನೋಡಿದ ಕೂಡಲೇ ಎರಡನೆಯವರು ದುಬಾರಿ ಎನ್ನುವುದು ಸಹಜ. ಆದರೆ ಈ ಮೂವರೂ ಒಂದೇ ಕೆಲಸಕ್ಕೆ ಬೆಲೆ ಹೇಳಿದ್ದಾರೆಯೇ ಎಂಬುದನ್ನು ಇನ್ನೂ ಯಾರೂ ನೋಡಿಲ್ಲ.

[ದೃಶ್ಯ: ಟೇಪಿನಿಂದ ಬಚ್ಚಲುಮನೆಯ ಅಳತೆ ತೆಗೆಯುತ್ತಿರುವುದು.]

ಆದ್ದರಿಂದ ಕೊಟೇಷನ್‌ಗಳನ್ನು ಪಕ್ಕಕ್ಕಿಟ್ಟು, ಮೊದಲು ನಮ್ಮದೇ ಅಳತೆ ತೆಗೆದುಕೊಳ್ಳಬೇಕು. ಬಚ್ಚಲುಮನೆ 8 ಅಡಿ ಉದ್ದ, 5 ಅಡಿ ಅಗಲ ಇದೆ. ನೆಲ 40 ಚದರಡಿ, ನಾಲ್ಕು ಗೋಡೆಗಳ ಒಟ್ಟು ಸುತ್ತಳತೆ 26 ಅಡಿ. ಗೋಡೆಗೆ 7 ಅಡಿ ಎತ್ತರದವರೆಗೆ ಟೈಲ್ಸ್ ಹಾಕಿಸಿದರೆ 182 ಚದರಡಿ ಆಗುತ್ತದೆ. ಎರಡೂವರೆ ಅಡಿ ಅಗಲದ ಬಾಗಿಲನ್ನು ಕಳೆದರೆ ಉಳಿಯುವುದು ಸುಮಾರು 165. ಇದಿಷ್ಟು ಕೈಯಲ್ಲಿದ್ದರೆ ಯಾವ ಕೊಟೇಷನ್‌ನಲ್ಲಿ ಯಾವ ಅಳತೆ ಹಿಗ್ಗಿದೆ, ಯಾವುದು ಕುಗ್ಗಿದೆ ಎಂಬುದು ಓದುವಾಗಲೇ ಗೊತ್ತಾಗುತ್ತದೆ.

[ತೆರೆಯ ಮೇಲೆ: ಒಡೆಯುವುದು ಮತ್ತು ಸಾಗಿಸುವುದು. 9,000 / 22,000 / 18,000]

ಮೊದಲ ಬಾಬ್ತನ್ನು ನೋಡೋಣ. ಮೊದಲನೆಯ ಕೊಟೇಷನ್‌ನಲ್ಲಿ "ಹಳೆಯ ಟೈಲ್ಸ್ ತೆಗೆಯುವುದು, 9,000" ಎಂದಷ್ಟೇ ಇದೆ. ಎರಡನೆಯದರಲ್ಲಿ ಟೈಲ್ಸ್ ತೆಗೆದು, ಸಂಕನ್ ಸ್ಲ್ಯಾಬಿನ ಭರ್ತಿಯನ್ನು ಪೂರ್ತಿ ಅಗೆದು, ಎಲ್ಲವನ್ನೂ ಟೆಂಪೋದಲ್ಲಿ ಸಾಗಿಸುವುದೂ ಸೇರಿ 22,000 ಎಂದಿದೆ. ಮಹಡಿಯ ಬಚ್ಚಲುಮನೆಗಳಲ್ಲಿ ಪೈಪುಗಳನ್ನು ಒಳಗೆ ಕೂರಿಸಲು ಸ್ಲ್ಯಾಬನ್ನು ತಗ್ಗಿಸಿ ಕಟ್ಟಿ, ಆ ತಗ್ಗನ್ನು ಇಟ್ಟಿಗೆ ಚೂರು ಇತ್ಯಾದಿಗಳಿಂದ ತುಂಬಿರುತ್ತಾರೆ; ನಮ್ಮ ಉದಾಹರಣೆಯಲ್ಲಿ ಆ ತಗ್ಗು 9 ಇಂಚು. ಕೆಳಗಿನ ಚಾವಣಿಗೆ ಇಳಿಯುವ ನೀರು ಬಹುತೇಕ ಈ ಭರ್ತಿಯಲ್ಲಿ ನಿಂತೇ ಇಳಿಯುತ್ತದೆ. ಅದನ್ನು ತೆಗೆಯದೆ ಮೇಲಿನ ಟೈಲ್ಸ್ ಮಾತ್ರ ಬದಲಿಸಿದರೆ ಬಚ್ಚಲುಮನೆ ಹೊಸದಾಗುತ್ತದೆ, ಹಾಲ್‌ನ ಕಲೆ ಹಾಗೆಯೇ ಉಳಿಯುತ್ತದೆ. ಮೊದಲನೆಯವರು ಕಡಿಮೆ ಹೇಳಿರುವುದು ಕೆಲಸ ಅಗ್ಗವಾಗಿರುವುದರಿಂದಲ್ಲ. ಆ ಕೆಲಸವೇ ಅವರ ಪಟ್ಟಿಯಲ್ಲಿ ಇಲ್ಲ.

ಮೂರನೆಯದರಲ್ಲಿ ಭರ್ತಿ ತೆಗೆಯುವುದು ಇದೆ, ಆದರೆ "ಅವಶೇಷವನ್ನು ಗೇಟಿನವರೆಗೆ ತಂದು ಹಾಕಲಾಗುವುದು" ಎಂಬ ಮಾತೂ ಇದೆ. ಗೇಟಿನ ಹೊರಗೆ ಇರುವುದು ರಸ್ತೆ, ಮತ್ತು ಬೆಂಗಳೂರಿನಲ್ಲಿ ಕಟ್ಟಡದ ಅವಶೇಷವನ್ನು ರಸ್ತೆ ಬದಿಗೆ ಸುರಿದರೆ ದಂಡ ಬೀಳುವುದು ಮನೆಯವರಿಗೆ. ಸಾಗಣೆಯ ಬಾಡಿಗೆ ಎಷ್ಟೆಂದು ಕೇಳಿದಾಗ ಅವರು 4,000 ಎಂದು ಬರೆದುಕೊಟ್ಟರು. ಮೊದಲನೆಯವರನ್ನೂ ಕೇಳಲಾಯಿತು, ಭರ್ತಿ ತೆಗೆದು ಸಾಗಿಸಲು ಹೆಚ್ಚುವರಿ 14,000, ಮತ್ತೆ ತುಂಬಲು 9,000 ಎಂಬ ಉತ್ತರ ಬಂತು. ಮತ್ತೆ ತುಂಬುವ ಕೆಲಸಕ್ಕೆ ಎರಡನೆಯವರು 8,000, ಮೂರನೆಯವರು 7,500 ಎಂದು ಮೊದಲೇ ಬರೆದಿದ್ದರು. ಇಂತಹ ಉತ್ತರಗಳನ್ನು ಫೋನಿನಲ್ಲಿ ಕೇಳಿ ಬಿಡಬಾರದು, ವಾಟ್ಸಾಪ್‌ನಲ್ಲಾದರೂ ಬರಹದಲ್ಲಿ ತರಿಸಿಕೊಳ್ಳಬೇಕು.

[ತೆರೆಯ ಮೇಲೆ: ವಾಟರ್‌ಪ್ರೂಫಿಂಗ್. 2,800 / 14,250 / 17,100]

ಈಗ ಇಡೀ ಹೋಲಿಕೆಯ ಗಂಟಿರುವ ಬಾಬ್ತಿಗೆ ಬರೋಣ. 2,800 ಮತ್ತು 14,250 ನಡುವೆ ಐದು ಪಟ್ಟು ವ್ಯತ್ಯಾಸವಿದೆ, ಆದರೆ ದರವನ್ನು ನೋಡಿದರೆ ಚದರಡಿಗೆ 70 ಮತ್ತು 75 ರೂಪಾಯಿ ಮಾತ್ರ. ವ್ಯತ್ಯಾಸವಿರುವುದು ದರದಲ್ಲಲ್ಲ, ವಿಸ್ತೀರ್ಣದಲ್ಲಿ. ಮೊದಲನೆಯವರು ನೆಲದ 40 ಚದರಡಿಗೆ ಮಾತ್ರ ಲೆಕ್ಕ ಹಾಕಿದ್ದಾರೆ.

[ದೃಶ್ಯ: ಬಚ್ಚಲುಮನೆಯ ರೇಖಾಚಿತ್ರ. ಒಂದೊಂದೇ ಭಾಗಕ್ಕೆ ಬಣ್ಣ ತುಂಬುತ್ತದೆ.]

ನಿಜಕ್ಕೂ ಎಷ್ಟು ಬೇಕು ಎಂಬುದನ್ನು ನಾವೇ ಲೆಕ್ಕ ಹಾಕೋಣ. ಮೊದಲು ತಗ್ಗಿಸಿದ ಸ್ಲ್ಯಾಬಿನ ತಳ 40 ಚದರಡಿ ಮತ್ತು ಅದರ 9 ಇಂಚಿನ ಬದಿಗಳು ಸುಮಾರು 20, ಅಲ್ಲಿಗೆ 60 ಆಯಿತು. ಭರ್ತಿ ಮುಗಿದ ಮೇಲೆ, ಟೈಲ್ಸ್ ಕೂರಿಸುವ ಮುನ್ನ, ಮೇಲಿನ ನೆಲಕ್ಕೆ ಇನ್ನೊಂದು 40. ನೆಲ ಮತ್ತು ಗೋಡೆ ಸೇರುವ ಮೂಲೆಯಲ್ಲಿ ನೀರು ನುಸುಳದಂತೆ ಸುತ್ತಲೂ ಒಂದು ಅಡಿ ಎತ್ತರಕ್ಕೆ ಬಳಿಯಬೇಕು; ಅದು 26, ಬಾಗಿಲು ಕಳೆದರೆ ಸುಮಾರು 24. ಷವರ್ ಇರುವ ಮೂಲೆಯ 11 ಅಡಿ ಗೋಡೆಗೆ ಇನ್ನೂ 6 ಅಡಿ ಮೇಲಕ್ಕೆ ಬಳಿದರೆ 66. ಎಲ್ಲ ಕೂಡಿದರೆ ಸುಮಾರು 190 ಚದರಡಿ. ಎರಡನೆಯವರೂ ಮೂರನೆಯವರೂ 190ಕ್ಕೇ ಬರೆದಿದ್ದಾರೆ. ಮೊದಲನೆಯವರ ದರದಲ್ಲೇ 190 ಚದರಡಿಗೆ 13,300 ಆಗುವುದರಿಂದ ಅವರ ಮೊತ್ತಕ್ಕೆ 10,500 ಸೇರಿಸಬೇಕು.

ವಿಸ್ತೀರ್ಣ ಒಂದಾದ ಮೇಲೆ ಮಾತ್ರ 70, 75, 90 ಎಂಬ ದರಗಳನ್ನು ಎದುರುಬದುರು ಇಡಲು ಬರುತ್ತದೆ. ಆಗ ಕೇಳಬೇಕಾದದ್ದು ಯಾವ ಕಂಪನಿಯ ಯಾವ ಸಾಮಗ್ರಿ, ಎಷ್ಟು ಕೋಟ್, ಮತ್ತು ನೀರು ನಿಲ್ಲಿಸಿ ಪರೀಕ್ಷಿಸುತ್ತಾರೆಯೇ ಎಂದು. ಪೈಪಿನ ಬಾಯಿ ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ, 24ರಿಂದ 48 ಗಂಟೆ ಬಿಟ್ಟು ಕೆಳಗಿನ ಚಾವಣಿಯನ್ನು ನೋಡುವುದು ಈ ಪರೀಕ್ಷೆ. ಮೂರನೆಯವರು ಇದನ್ನು ಭರ್ತಿಗೆ ಮೊದಲು ಒಮ್ಮೆ, ಟೈಲ್ಸಿಗೆ ಮೊದಲು ಇನ್ನೊಮ್ಮೆ ಮಾಡುವುದಾಗಿ ಬರೆದಿದ್ದಾರೆ, ಉಳಿದಿಬ್ಬರು ಬರೆದಿಲ್ಲ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ 15 ರೂಪಾಯಿಗೆ ಇದು ಒಪ್ಪುವ ಕಾರಣ, ಆದರೆ ಎರಡನೆಯವರು ಇದೇ ಪರೀಕ್ಷೆಗೆ ಒಪ್ಪಿ ಬರೆದುಕೊಟ್ಟರೆ ಆ ಕಾರಣ ಉಳಿಯುವುದಿಲ್ಲ.

[ತೆರೆಯ ಮೇಲೆ: ಟೈಲ್ಸ್, ಗೋಡೆ ಮತ್ತು ನೆಲ. 31,150 / 34,025 / 18,050]

ಟೈಲ್ಸ್ ಸಾಲಿನಲ್ಲಿ ಮೂರನೆಯವರು ತುಂಬ ಅಗ್ಗವಾಗಿ ಕಾಣುತ್ತಾರೆ. ಅವರದ್ದು ಕೂರಿಸುವ ಕೂಲಿ ಮತ್ತು ಅಂಟಿನ ದರ ಮಾತ್ರ; ಟೈಲ್ಸನ್ನು ಮನೆಯವರೇ ತರಬೇಕು. ಜೊತೆಗೆ ಅವರು ಗೋಡೆಯನ್ನು 7 ಅಡಿಗೆ ನಿಲ್ಲಿಸದೆ ಚಾವಣಿಯವರೆಗೆ ಅಳೆದು 215 ಚದರಡಿ ಎಂದು ಬರೆದಿದ್ದಾರೆ. ನಮಗೆ 165 ಸಾಕಾದ್ದರಿಂದ 50 ಚದರಡಿಗೆ 70ರಂತೆ 3,500 ಕಳೆಯಬೇಕು.

ಇತ್ತ ಮೊದಲನೆಯವರ ದರದಲ್ಲಿ ಟೈಲ್ಸ್ ಸೇರಿದೆ, ಆದರೆ ಬೇಸಿಕ್ ರೇಟ್ ಚದರಡಿಗೆ 40 ಎಂದು ಕೆಳಗೆ ಸಣ್ಣದಾಗಿ ಬರೆದಿದೆ. ಬೇಸಿಕ್ ರೇಟ್ ಎಂದರೆ ಅಂಗಡಿಯಲ್ಲಿ ನೀವು ಆರಿಸಬಹುದಾದ ಟೈಲ್ಸಿನ ಬೆಲೆಯ ಮಿತಿ. ಅದಕ್ಕಿಂತ ಮೇಲೆ ಹೋದರೆ ವ್ಯತ್ಯಾಸ ನಿಮ್ಮದು. ಮನೆಯವರು ಅಂಗಡಿಗೆ ಹೋಗಿ ಮೆಚ್ಚಿದ್ದು ತೆರಿಗೆ ಸೇರಿ 65 ರೂಪಾಯಿಯ ಟೈಲ್ಸ್, ಎರಡನೆಯವರು ಲೆಕ್ಕಕ್ಕೆ ಹಿಡಿದಿರುವುದೂ ಅದನ್ನೇ. ಗೋಡೆ 165, ನೆಲ 40, ಕತ್ತರಿಸುವಾಗ ಹಾಳಾಗುವುದಕ್ಕೆ ಶೇ. 10 ಸೇರಿಸಿ 225 ಚದರಡಿ ಎಂದಿಟ್ಟುಕೊಂಡರೆ, ಮೊದಲನೆಯವರ ಲೆಕ್ಕಕ್ಕೆ 25 ರೂಪಾಯಿಯಂತೆ 5,625 ಸೇರುತ್ತದೆ. ಮೂರನೆಯವರಲ್ಲಿ ಪೂರ್ತಿ ಟೈಲ್ಸಿನ ಬೆಲೆ 14,625 ಪ್ರತ್ಯೇಕ.

[ತೆರೆಯ ಮೇಲೆ: ತೆರಿಗೆ]

ಮೂರನೆಯ ಕೊಟೇಷನ್‌ನ ಕೊನೆಯಲ್ಲಿ "ಜಿಎಸ್‌ಟಿ ಪ್ರತ್ಯೇಕ" ಎಂದಿದೆ. ಇಂತಹ ಕೆಲಸಕ್ಕೆ ಅದು ಶೇ. 18, ಮತ್ತು ವಾಸದ ಮನೆಯವರಿಗೆ ಈ ತೆರಿಗೆಯನ್ನು ಎಲ್ಲೂ ಹೊಂದಿಸಿಕೊಳ್ಳಲು ಬರುವುದಿಲ್ಲ, ಅದು ಶುದ್ಧ ಖರ್ಚು. ಉಳಿದಿಬ್ಬರು ನೋಂದಾಯಿಸಿಕೊಳ್ಳದ ಸಣ್ಣ ಕಂಟ್ರಾಕ್ಟರುಗಳಾದ್ದರಿಂದ ತೆರಿಗೆ ಹಾಕುವಂತಿಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವವರ ನೋಂದಣಿ ಸಂಖ್ಯೆ 15 ಅಕ್ಷರಗಳದ್ದಾಗಿದ್ದು, ಕರ್ನಾಟಕದ್ದಾದರೆ 29ರಿಂದ ಆರಂಭವಾಗುತ್ತದೆ. ಸಂಖ್ಯೆಯೇ ಇಲ್ಲದೆ ತೆರಿಗೆ ಕೇಳಿದರೆ ಕೊಡಬೇಕಾಗಿಲ್ಲ.

[ದೃಶ್ಯ: ಮೂರು ಹಾಳೆಗಳ ಬದಲು ಒಂದೇ ಕೋಷ್ಟಕ.]

ಈಗ ಕೂಡೋಣ. ಮೊದಲನೆಯವರ 74,950ಕ್ಕೆ 14,000, 9,000, 10,500 ಮತ್ತು 5,625 ಸೇರಿ 1,14,075 ಆಗುತ್ತದೆ. ಎರಡನೆಯವರದ್ದು ಬದಲಾಗದೆ 1,12,275. ಮೂರನೆಯವರ 96,650ರಿಂದ 3,500 ಕಳೆದು, ಸಾಗಣೆಯ 4,000 ಕೂಡಿಸಿದರೆ 97,150. ಅದಕ್ಕೆ ತೆರಿಗೆ 17,487 ಮತ್ತು ಟೈಲ್ಸಿನ 14,625 ಸೇರಿ 1,29,262. ಎಲ್ಲರಿಗಿಂತ ದುಬಾರಿ ಎನಿಸಿದವರು ಈಗ ಎಲ್ಲರಿಗಿಂತ ಕಡಿಮೆಯಲ್ಲಿದ್ದಾರೆ, ಆದರೆ ಅವರಿಗೂ ಮೊದಲನೆಯವರಿಗೂ ಉಳಿದಿರುವ 1,800 ರೂಪಾಯಿಯ ಅಂತರದ ಮೇಲೆ ತೀರ್ಮಾನ ಮಾಡುವುದು ಸರಿಯಲ್ಲ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಪ್ರತಿ ಸಾಲಿನಲ್ಲೂ ಕಡಿಮೆ ಇರುವ ದರವನ್ನು ಹೆಕ್ಕಿ, ಎಲ್ಲವನ್ನೂ ಅದೇ ದರಕ್ಕೆ ಮಾಡಿಕೊಡಿ ಎಂದು ಒಬ್ಬರ ಮುಂದೆ ಇಡೋಣ ಎನ್ನಿಸುತ್ತದೆ. ಒಬ್ಬ ಕಂಟ್ರಾಕ್ಟರ್ ಒಂದು ಬಾಬ್ತಿನಲ್ಲಿ ಕಡಿಮೆ ಬರೆದದ್ದನ್ನು ಇನ್ನೊಂದರಲ್ಲಿ ಸರಿದೂಗಿಸಿಕೊಂಡಿರುತ್ತಾರೆ. ಎಲ್ಲ ಕಡೆಯೂ ಹಿಂಡಿದರೆ ಅವರು ಒಪ್ಪಲೂಬಹುದು, ಆದರೆ ಕಣ್ಣಿಗೆ ಕಾಣದ ಒಂದು ಕೋಟ್ ಬಿಟ್ಟುಹೋಗುವುದೂ ಅಲ್ಲಿಯೇ.

[ತೆರೆಯ ಮೇಲೆ: ಪ್ಲಂಬಿಂಗ್. 32,000 / 34,000 / 36,000]

ನಾವು ಇನ್ನೂ ಮುಟ್ಟದ ಬಾಬ್ತು ಇದೊಂದೇ. ಮೂರೂ ಹತ್ತಿರ ಹತ್ತಿರ ಇರುವುದರಿಂದ ಕಣ್ಣು ಜಾರಿ ಮುಂದೆ ಹೋಗುತ್ತದೆ. ಎರಡನೆಯವರು ಬಿಸಿನೀರು, ತಣ್ಣೀರು ಸೇರಿ 10 ಪಾಯಿಂಟ್, ಹೊಸ ನಹನಿ ಟ್ರ್ಯಾಪ್, ಹೊರಗಿನ ಕೊಳವೆಯವರೆಗೆ ಹೊಸ ಡ್ರೈನ್ ಪೈಪು, ಗೋಡೆ ಮುಚ್ಚುವ ಮುನ್ನ ಪೈಪುಗಳ ಪ್ರೆಷರ್ ಟೆಸ್ಟ್ ಎಂದು ಬಿಡಿಸಿ ಬರೆದಿದ್ದಾರೆ, ಮೂರನೆಯವರೂ ಹಾಗೆಯೇ. ಮೊದಲನೆಯವರ ಸಾಲಿನಲ್ಲಿ "ಪ್ಲಂಬಿಂಗ್ ಸಂಪೂರ್ಣ" ಎಂದಷ್ಟೇ ಇದೆ. ನೀರು ಹೊರಹೋಗುವ ನಹನಿ ಟ್ರ್ಯಾಪಿನ ಸುತ್ತಲಿನ ಜೋಡಣೆ ಸೋರಿಕೆ ಆರಂಭವಾಗುವ ಮುಖ್ಯ ಜಾಗಗಳಲ್ಲೊಂದು. ಅದು ಬದಲಾಗುತ್ತದೆಯೋ ಇಲ್ಲವೋ ಎಂಬುದು ಆ ಎರಡು ಪದಗಳಿಂದ ತಿಳಿಯುವುದಿಲ್ಲ. ಬಿಡಿಸಿ ಬರೆದುಕೊಡಿ ಎಂದು ಅವರನ್ನು ಕೇಳಿ. ಬರೆದುಕೊಟ್ಟರೆ ಇಬ್ಬರ ನಡುವೆ ಮಾತು ಮುಂದುವರಿಸಬಹುದು. "ಅದೆಲ್ಲ ಸೇರಿದೆ, ಬರೆಯೋದೇನು" ಎಂಬ ಉತ್ತರ ಬಂದರೆ ಎರಡನೆಯವರಿಗೆ ಕೆಲಸ ಒಪ್ಪಿಸಿ, ನೀರು ನಿಲ್ಲಿಸುವ ಪರೀಕ್ಷೆಯನ್ನೂ ಸೇರಿಸಿದ ಈ ಕೋಷ್ಟಕಕ್ಕೆ ಅವರ ಸಹಿ ಹಾಕಿಸಿಕೊಂಡ ಮೇಲೆ ಮುಂಗಡ ಕೊಡಿ.