ಸ್ಟೇ ಸಿಕ್ಕಿತು, ಇನ್ನು ಪ್ಲಾಸ್ಟರಿಂಗ್ ಮಾಡಿಸಬಹುದಾ?

[ದೃಶ್ಯ: ಅಂಬೇಡ್ಕರ್ ವೀದಿ. ಹಿಂದೆ ಹೈಕೋರ್ಟಿನ ಕೆಂಪು ಕಟ್ಟಡ, ರಸ್ತೆಯಾಚೆ ವಿಧಾನಸೌಧ.]

ನಮಸ್ಕಾರ. ನಾನು ವಕೀಲ. ಈ ಕೆಂಪು ಕಟ್ಟಡದ ಮೆಟ್ಟಿಲು ಇಳಿಯುತ್ತಿರುವಾಗ ನನಗೆ ಜಾಸ್ತಿ ಬರುವ ಫೋನ್ ಒಂದೇ. "ಸರ್, ಸ್ಟೇ ಸಿಕ್ತಂತಲ್ಲ, ನಾಳೆ ಮೇಸ್ತ್ರಿನ ಕರೆಸಿ ಪ್ಲಾಸ್ಟರಿಂಗ್ ಮುಗಿಸಿಬಿಡಲಾ?"

ಬೇಡ ಸ್ವಾಮಿ. ಯಾಕೆ ಬೇಡ ಅನ್ನೋದೇ ಇವತ್ತಿನ ವಿಡಿಯೋ.

ಎರಡು ಮೂರು ಕೇಸು ಬೆರೆಸಿ ಒಂದು ಉದಾಹರಣೆ ಮಾಡಿಕೊಂಡಿದ್ದೇನೆ. ಒಂದು 30×40 ಸೈಟು. ಪ್ಲಾನ್ ಸ್ಯಾಂಕ್ಷನ್ ಆಗಿರುವುದು ನೆಲಮಹಡಿ ಮತ್ತು ಅದರ ಮೇಲೆ ಎರಡು ಮಹಡಿಗೆ. ಯಜಮಾನರು ಮಗನಿಗೆ ಇರಲಿ ಅಂತ ಮೂರನೆಯದನ್ನೂ ಏರಿಸಿದ್ದಾರೆ. ಮೋಲ್ಡ್ ಆಗಿದೆ, ಗೋಡೆ ಎದ್ದಿದೆ, ಪ್ಲಾಸ್ಟರ್ ಬಾಕಿ. ಪಾಲಿಕೆಯಿಂದ ಮೊದಲು ಕಾರಣ ಕೇಳಿ ನೋಟಿಸು ಬಂತು. ಯಜಮಾನರು ಉತ್ತರ ಬರೆದು, ಕಚೇರಿಯಲ್ಲಿ ಕೊಟ್ಟು, ತಮ್ಮ ಪ್ರತಿಯ ಮೇಲೆ ಟಪಾಲು ಸೀಲು ಹಾಕಿಸಿಕೊಂಡು ಬಂದರು. ಸೀಲಿನಲ್ಲಿ 6ನೇ ತಾರೀಕು ಅಂತ ಇದೆ. ಹತ್ತೊಂಬತ್ತಕ್ಕೆ ಗೇಟಿನ ಮೇಲೆ ಇನ್ನೊಂದು ಕಾಗದ ಅಂಟಿತ್ತು. ಹೆಚ್ಚುವರಿ ಮಹಡಿ ತೆರವುಗೊಳಿಸಿ ಅನ್ನುವ ಅಂತಿಮ ಆದೇಶ. ಅದರ ಎರಡನೇ ಪ್ಯಾರಾದಲ್ಲಿ ಒಂದು ಸಾಲು.

[ಸ್ಕ್ರೀನ್ ಮೇಲೆ ಆದೇಶದ ಮಾದರಿ. ಸಾಲಿನ ಕೆಳಗೆ ಕೆಂಪು ಗೆರೆ: "ಸದರಿಯವರು ಈವರೆಗೆ ಯಾವುದೇ ಸಮಜಾಯಿಷಿ ನೀಡಿರುವುದಿಲ್ಲ."]

ಪಕ್ಕದಲ್ಲಿ ಆ ಟಪಾಲು ಸೀಲು ಇಟ್ಟು ನೋಡಿ. ಇಡೀ ಕೇಸು ಇಷ್ಟರಲ್ಲೇ ಇದೆ.

ಇಂಥ ಆದೇಶದ ಮೇಲೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಕಾನೂನಿನಲ್ಲೇ ಮೇಲ್ಮನವಿಗೆ ಜಾಗ ಇದ್ದರೆ "ಮೊದಲು ಅಲ್ಲಿಗೆ ಹೋಗಿ" ಅಂತ ಹೈಕೋರ್ಟು ಕಳಿಸುವುದೂ ಉಂಟು. ಆದರೆ ಕೊಟ್ಟ ಉತ್ತರವನ್ನೇ ನೋಡಿಲ್ಲ ಅನ್ನುವ ಕೇಸಿನಲ್ಲಿ ಇಲ್ಲೇ ಕೇಳುವ ಸಾಧ್ಯತೆ ಇದೆ. ಅರ್ಜಿಯಲ್ಲಿ ಎರಡು ಕೋರಿಕೆ ಇರುತ್ತವೆ. ಒಂದು, ಆದೇಶ ರದ್ದು ಮಾಡಿ. ಇನ್ನೊಂದು, ಅರ್ಜಿ ತೀರ್ಮಾನ ಆಗುವ ತನಕ ಅದನ್ನು ತಡೆಹಿಡಿಯಿರಿ. ಎರಡನೆಯದೇ ಮಧ್ಯಂತರ ಕೋರಿಕೆ. ಕೋರ್ಟು ಒಪ್ಪಿದರೆ ಸ್ಟೇ.

ಇಲ್ಲಿ ಜನ ಎಡವುತ್ತಾರೆ. ಸ್ಟೇ ಸಿಕ್ಕರೆ ಆದೇಶ ಹೋಯಿತು ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಆದೇಶ ಅಲ್ಲೇ ಇರುತ್ತದೆ, ಕೆಲಸ ಮಾಡುವುದನ್ನು ಮಾತ್ರ ನಿಲ್ಲಿಸಿರುತ್ತದೆ. ಶ್ರೀ ಚಾಮುಂಡಿ ಮೊಪೆಡ್ಸ್ ಅನ್ನುವ ಕೇಸಿನಲ್ಲಿ 1992ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ರದ್ದಾದ ಆದೇಶ ಇಲ್ಲವೇ ಇಲ್ಲ ಅಂತ ಲೆಕ್ಕ. ಸ್ಟೇ ಆದ ಆದೇಶ ಸ್ಟೇ ಕೊಟ್ಟ ದಿನದಿಂದ ಜಾರಿಯಲ್ಲಿಲ್ಲ, ಅಷ್ಟೇ. ಹಾಗಾಗಿ ನಿಮ್ಮ ಮೂರನೇ ಮಹಡಿ ಇವತ್ತೂ ಅನಧಿಕೃತವೇ. ಜೆಸಿಬಿ ಮಾತ್ರ ಇವತ್ತು ಬರುವುದಿಲ್ಲ.

ಸರಿ, ಸ್ಟೇ ಕೊಡೋದಾ ಬೇಡವಾ ಅಂತ ಜಡ್ಜು ಹೇಗೆ ನಿರ್ಧರಿಸುತ್ತಾರೆ? ಮೊದಲು ನೋಡುವುದು, ಮೇಲ್ನೋಟಕ್ಕೆ ಇವರ ಕೇಸಿನಲ್ಲಿ ಹುರುಳಿದೆಯಾ ಅಂತ. ನಮ್ಮ ಯಜಮಾನರಿಗೆ ಟಪಾಲು ಸೀಲು ಇದೆ. ಉತ್ತರ ಕೊಟ್ಟಿದ್ದರೂ ಕೊಟ್ಟಿಲ್ಲ ಅಂತ ಬರೆದ ಆದೇಶ ಎಲ್ಲೋ ತಪ್ಪಿದೆ ಅನ್ನುವುದಕ್ಕೆ ಹೆಚ್ಚು ವಾದ ಬೇಕಾಗಿಲ್ಲ. ಅದೇ, ಉತ್ತರ ಓದಿ, ಪ್ಲಾನ್ ಜೊತೆ ಹೋಲಿಸಿ, ಅಳತೆ ಬರೆದು ತಿರಸ್ಕರಿಸಿದ್ದರೆ? ಆಗ ಕಷ್ಟ. ಇದನ್ನು ಫೀಸು ಹೇಳುವ ಮೊದಲೇ ಹೇಳಿಬಿಡುತ್ತೇನೆ.

ಆಮೇಲೆ ಬರುವುದು ಬ್ಯಾಲೆನ್ಸ್ ಆಫ್ ಕನ್ವೀನಿಯನ್ಸ್. ಹೆಸರು ದೊಡ್ಡದು, ವಿಷಯ ತಕ್ಕಡಿಯದ್ದು. ಸ್ಟೇ ಕೊಟ್ಟು ಕೊನೆಗೆ ಯಜಮಾನರು ಸೋತರೆ ಯಾರಿಗೆ ಎಷ್ಟು ನಷ್ಟ? ಸ್ಟೇ ಕೊಡದೆ ಕೊನೆಗೆ ಅವರು ಗೆದ್ದರೆ ಯಾರಿಗೆ ಎಷ್ಟು?

[ಸ್ಕ್ರೀನ್: ತಕ್ಕಡಿ. ಒಂದು ತಟ್ಟೆಯಲ್ಲಿ ಮನೆ, ಇನ್ನೊಂದರಲ್ಲಿ ಪಾಲಿಕೆಯ ಫೈಲು.]

ನಮ್ಮ ಉದಾಹರಣೆ ತೂಗಿ ನೋಡಿ. ಮೋಲ್ಡ್ ಒಡೆದ ಮೇಲೆ ಯಜಮಾನರು ಗೆದ್ದರೆ ಏನು ಪ್ರಯೋಜನ? ಒಡೆದ ಕಾಂಕ್ರೀಟು ತೀರ್ಪಿನಿಂದ ಕೂಡಿಕೊಳ್ಳುವುದಿಲ್ಲ. ತುಂಬಿಕೊಡಲಾಗದ ನಷ್ಟ ಅನ್ನುವುದು ಇದನ್ನೇ. ಈ ಕಡೆ ಪಾಲಿಕೆ ಎರಡು ತಿಂಗಳು ಕಾದರೆ ಕಳೆದುಕೊಳ್ಳುವುದು ಕಡಿಮೆ. ಮಹಡಿ ಎಲ್ಲೂ ಓಡಿಹೋಗುವುದಿಲ್ಲ. ತಟ್ಟೆ ಯಜಮಾನರ ಕಡೆ ವಾಲಿತು.

ಆದರೆ ಎರಡನೇ ತಟ್ಟೆಯಲ್ಲಿ ಪಾಲಿಕೆ ಒಂದೇ ಕೂತಿರುವುದಿಲ್ಲ. ಪಕ್ಕದ ಮನೆಯವರು ಇರುತ್ತಾರೆ, ಬೀದಿ ಇರುತ್ತದೆ. ಪಿಲ್ಲರ್ ಬಿರುಕು ಬಿಟ್ಟಿದೆ ಅಂತ ಇಂಜಿನಿಯರ್ ವರದಿ ಬಂದರೆ, ಇಲ್ಲವೇ ಗೋಡೆ ರಾಜಕಾಲುವೆ ಮೇಲೆ ಕೂತಿದ್ದರೆ, ಅದೇ ತಕ್ಕಡಿ ಧಡ್ ಅಂತ ಆ ಕಡೆಗೆ ಹೋಗುತ್ತದೆ. "ನನ್ನ ಆಸ್ತಿ ಹೋಗುತ್ತೆ" ಅನ್ನುವ ವಾದಕ್ಕೆ ಆಗ ತೂಕ ಉಳಿಯುವುದಿಲ್ಲ.

ತಡ ಮಾಡಿದರೂ ಹೀಗೇ. ಆದೇಶ ಜನವರಿಯದ್ದು, ಅರ್ಜಿ ಜೂನ್‌ನಲ್ಲಿ, ಅದೂ ಜೆಸಿಬಿ ಬಾಗಿಲಿಗೆ ಬಂದ ಬೆಳಿಗ್ಗೆ. "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಅನ್ನುವ ಪ್ರಶ್ನೆಗೆ ಉತ್ತರ ಇರಬೇಕು. ತೆರವು ವಿಷಯದಲ್ಲಿ ಸುಪ್ರೀಂ ಕೋರ್ಟ್ 13 ನವೆಂಬರ್ 2024ರಂದು ಕೊಟ್ಟ ನಿರ್ದೇಶನ ನೆನಪಿಡಿ. ಅಂತಿಮ ಆದೇಶ ಕೈಸೇರಿದ ಮೇಲೂ 15 ದಿನ ಅದನ್ನು ಜಾರಿ ಮಾಡುವಂತಿಲ್ಲ. ಆ ದಿನಗಳು ಇರುವುದೇ ಕೋರ್ಟಿಗೆ ಹೋಗಲು, ಇಲ್ಲವೇ ನೀವೇ ತೆಗೆಯಲು. ರಸ್ತೆ, ಫುಟ್‌ಪಾತ್, ಜಲಮೂಲದಂಥ ಸಾರ್ವಜನಿಕ ಜಾಗದಲ್ಲಿ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ.

ನಮ್ಮ ಯಜಮಾನರು ಒಂಬತ್ತನೇ ದಿನಕ್ಕೆ ಬಂದರು. ಸ್ಟೇ ಸಿಕ್ಕಿತು. ಈಗ ಆದೇಶದ ಕೊನೆಯ ಕೆಲವು ಸಾಲು ಓದೋಣ. ವಾಟ್ಸಾಪ್‌ನಲ್ಲಿ ನೆಂಟರಿಗೆಲ್ಲ ಫಾರ್ವರ್ಡ್ ಮಾಡುವವರು ಇಷ್ಟು ಕೆಳಗೆ ಓದಿರುವುದಿಲ್ಲ.

[ಸ್ಕ್ರೀನ್: "ಮುಂದಿನ ವಿಚಾರಣೆಯವರೆಗೆ ತಡೆ. ಅರ್ಜಿದಾರರು ಮುಂದೆ ಯಾವುದೇ ನಿರ್ಮಾಣ ಮಾಡತಕ್ಕದ್ದಲ್ಲ. ಮೂರನೆಯವರಿಗೆ ಹಕ್ಕು ಸೃಷ್ಟಿಸತಕ್ಕದ್ದಲ್ಲ. ಒಂದು ವಾರದೊಳಗೆ ಫೋಟೋಗಳೊಂದಿಗೆ ಅಫಿಡವಿಟ್ ಸಲ್ಲಿಸತಕ್ಕದ್ದು."]

ಷರತ್ತು ಯಾಕೆ? ಸ್ಟೇ ಇದೆ ಅಂತ ಇವರು ಬಣ್ಣ ಹೊಡೆದು, ಬಾಡಿಗೆಗೆ ಕೊಟ್ಟರೆ ಅಂದುಕೊಳ್ಳಿ. ಎರಡು ತಿಂಗಳ ನಂತರ ಪಾಲಿಕೆ ಗೆದ್ದರೂ ಒಳಗೆ ಒಂದು ಸಂಸಾರ ಇರುತ್ತದೆ, ಅವರ ಮಗು ಪಕ್ಕದ ಶಾಲೆಗೆ ಸೇರಿರುತ್ತದೆ. ಕೋರ್ಟು ತಕ್ಕಡಿ ತೂಗಿದ್ದು ಖಾಲಿ ಮಹಡಿ ಇಟ್ಟುಕೊಂಡು. ಇವರು ಆಮೇಲೆ ತಟ್ಟೆಗೆ ಕಲ್ಲು ಹಾಕಿದ ಹಾಗಾಯಿತು, ಅಲ್ವಾ? ಅದಕ್ಕೇ ಇದ್ದದ್ದು ಇದ್ದ ಹಾಗೇ ಇರಲಿ ಅನ್ನುವುದು. ಪ್ಲಾಸ್ಟರಿಂಗ್ ಕೂಡ ನಿರ್ಮಾಣವೇ. "ಬರೀ ಫಿನಿಶಿಂಗ್ ಸಾರ್" ಅನ್ನುವ ವಾದವನ್ನು ನಾನೂ ಒಮ್ಮೆ ಮಾಡಿ ನೋಡಿದ್ದೇನೆ. ನಡೆಯಲಿಲ್ಲ.

ಫೋಟೋ ಇಲ್ಲಿ ದೊಡ್ಡ ಸಾಕ್ಷಿ. ಅಫಿಡವಿಟ್ ಹಾಕಿದ ದಿನ ಇಟ್ಟಿಗೆ ಕಾಣುತ್ತಿದ್ದ ಗೋಡೆ ಮುಂದಿನ ವಿಚಾರಣೆಗೆ ನುಣ್ಣಗಾಗಿದ್ದರೆ, ಪಾಲಿಕೆ ವಕೀಲರು ಎರಡೂ ಫೋಟೋ ಪಕ್ಕಪಕ್ಕ ಇಡುತ್ತಾರೆ. ಸ್ಟೇ ಹೋಗುತ್ತದೆ. ಜೊತೆಗೆ ನ್ಯಾಯಾಂಗ ನಿಂದನೆಯ ಮಾತೂ ಬರಬಹುದು.

ಇನ್ನೊಂದು ಬಗೆ ಷರತ್ತು ದುಡ್ಡಿನದು. ಇದೇ ಯಜಮಾನರಿಗೆ 8 ಲಕ್ಷದ ಆಸ್ತಿ ತೆರಿಗೆ ಡಿಮ್ಯಾಂಡ್ ನೋಟಿಸು ಬಂದಿತ್ತು ಅನ್ನಿ. ಅಲ್ಲಿ ತುಂಬಿಕೊಡಲಾಗದ ನಷ್ಟ ಅನ್ನುವುದು ಕಷ್ಟ. ಕಟ್ಟಿ ಗೆದ್ದರೆ ದುಡ್ಡು ವಾಪಸ್ ಬರುತ್ತದೆ. ಸರ್ಕಾರದ ವಸೂಲಿಯನ್ನು ಮೇಲ್ನೋಟದ ಕೇಸು ಇದೆ ಅಂದಮಾತ್ರಕ್ಕೆ ಸುಮ್ನೆ ತಡೆಯಬಾರದು ಅಂತ ಡನ್ಲಪ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1985ರ ಸುಮಾರಿಗೆ. ಹಾಗಾಗಿ ಇಂಥ ಕಡೆ "ಅರ್ಧ ಕಟ್ಟಿ, ಉಳಿದದ್ದಕ್ಕೆ ಸ್ಟೇ" ಅನ್ನುವಂಥ ಆದೇಶ ಬರುತ್ತದೆ. ನಾಲ್ಕು ವಾರದಲ್ಲಿ 4 ಲಕ್ಷ, ಕಟ್ಟದಿದ್ದರೆ ಸ್ಟೇ ತಾನಾಗಿಯೇ ತೆರವು. ಆ "ತಾನಾಗಿಯೇ" ಅನ್ನುವ ಪದ ನೋಡಿಕೊಳ್ಳಿ. 28 ದಿನ ಕಳೆದ ಮಾರನೇ ದಿನ ವಸೂಲಿಗೆ ಬಂದರೆ ಅಧಿಕಾರಿ ತಪ್ಪೇನೂ ಮಾಡಿದಂತಲ್ಲ. ಹೊಂದಿಸಲು ಆಗುತ್ತಿಲ್ಲ ಅಂದರೆ ಗಡುವು ಮುಗಿಯುವ ಮೊದಲೇ ಇನ್ನಷ್ಟು ಸಮಯ ಕೇಳಿ ಅರ್ಜಿ ಹಾಕಬೇಕು.

ಒಂದು ವಿಷಯ ಮಧ್ಯೆ ಹೇಳಿಬಿಡುತ್ತೇನೆ. ಲೈಸೆನ್ಸ್ ಕೊಡಲ್ಲ ಅಂತ ಅರ್ಜಿ ತಿರಸ್ಕರಿಸಿದರೆ, ಆ ತಿರಸ್ಕಾರಕ್ಕೆ ಸ್ಟೇ ತಂದು ಪ್ರಯೋಜನ ಇಲ್ಲ. "ಇಲ್ಲ" ಅನ್ನುವುದನ್ನು ತಡೆದರೆ "ಹೌದು" ಆಗುವುದಿಲ್ಲ. ಅಲ್ಲಿ ಬೇರೆ ಥರದ ಮಧ್ಯಂತರ ನಿರ್ದೇಶನ ಕೇಳಬೇಕು. ಕೊನೆಯಲ್ಲಿ ಕೊಡಬೇಕಾದದ್ದನ್ನು ಮೊದಲೇ ಕೊಟ್ಟಂತೆ ಆಗುವುದರಿಂದ ಕೋರ್ಟು ಅದಕ್ಕೆ ತುಂಬಾ ಹಿಂಜರಿಯುತ್ತದೆ.

ಈಗ ಸ್ಟೇ ಎಷ್ಟು ದಿನ? 2018ರಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳಾದರೆ ಸ್ಟೇ ತಾನಾಗಿ ಮುಗಿಯುತ್ತದೆ ಅಂದಿತ್ತು. 29 ಫೆಬ್ರವರಿ 2024ರಂದು ಐವರು ಜಡ್ಜುಗಳ ಪೀಠ ಅದನ್ನು ತೆಗೆದುಹಾಕಿತು. ಅದರರ್ಥ ನಿಮ್ಮ ಸ್ಟೇ ಅಮರ ಅಂತಲ್ಲ. ಆದೇಶದಲ್ಲಿ "ಮುಂದಿನ ವಿಚಾರಣೆಯವರೆಗೆ" ಅಂತಿದ್ದರೆ ಅಲ್ಲಿಯವರೆಗೆ ಮಾತ್ರ. ಆ ದಿನ ವಕೀಲರು ಎದ್ದು ನಿಂತು "ಮುಂದುವರಿಸಿ" ಅಂತ ಕೇಳಬೇಕು, ಅದು ಆದೇಶದಲ್ಲಿ ಬರೆಯಲ್ಪಡಬೇಕು. ಕೇಸು ಆ ದಿನ ಲಿಸ್ಟಿಗೇ ಬರದಿದ್ದರೆ ಮೆಮೊ ಹಾಕಿ ಬರುವಂತೆ ನೋಡಿಕೊಳ್ಳಬೇಕು. ಒಳ್ಳೆಯ ಕೇಸು ಹೀಗೆ ಕೈತಪ್ಪಿದ್ದನ್ನು ಕಂಡಿದ್ದೇನೆ.

ಎದುರಿನವರಿಗೂ ದಾರಿ ಇದೆ. ಅವರಿಗೆ ಅರ್ಜಿಯ ಪ್ರತಿ ಕೊಡದೆ, ಅವರ ಮಾತು ಕೇಳದೆ ಸ್ಟೇ ಕೊಟ್ಟಿದ್ದರೆ, ಅದನ್ನು ತೆಗೆಯಿರಿ ಅಂತ 226ರ ಮೂರನೇ ಉಪವಿಧಿಯಡಿ ಅವರು ಕೇಳಬಹುದು. ಹೈಕೋರ್ಟು ಅದನ್ನು ಎರಡು ವಾರದಲ್ಲಿ ತೀರ್ಮಾನಿಸಬೇಕು, ಇಲ್ಲದಿದ್ದರೆ ಸ್ಟೇ ಬಿದ್ದುಹೋಗುತ್ತದೆ. ಹಾಗಾಗಿ ಮೊದಲೇ ಪಾಲಿಕೆ ವಕೀಲರಿಗೆ ಪ್ರತಿ ಕೊಟ್ಟು, ಅವರು ಇರುವಾಗಲೇ ಸ್ಟೇ ಕೇಳುವುದು ನನಗಿಷ್ಟ. ಸ್ವಲ್ಪ ಕಷ್ಟದ ದಾರಿ. ಆದರೆ ಹಾಗೆ ಸಿಕ್ಕ ಸ್ಟೇ ಗಟ್ಟಿ.

ಸ್ಟೇ ಸಿಕ್ಕ ದಿನವೇ ಮಾಡಬೇಕಾದ ಕೆಲಸ ಒಂದಿದೆ. ಆದೇಶ ಕೊಟ್ಟ ಅಧಿಕಾರಿಗೆ ತಿಳಿಸುವುದು. ಸರ್ಟಿಫೈಡ್ ಕಾಪಿ ಬರಲು ಸಮಯ ಹಿಡಿಯಬಹುದು. ಅಷ್ಟರಲ್ಲಿ ವಕೀಲರ ಪತ್ರ, ವೆಬ್‌ಸೈಟಿನಲ್ಲಿ ಆದೇಶ ಬಂದಿದ್ದರೆ ಅದರ ಪ್ರಿಂಟು, ಎರಡನ್ನೂ ಕಚೇರಿಗೆ ಕೊಟ್ಟು ಮತ್ತೆ ಅದೇ ಟಪಾಲು ಸೀಲು ಹಾಕಿಸಿಕೊಳ್ಳಿ. ನಾಳೆ ಬೆಳಿಗ್ಗೆ ಯಾರಾದರೂ ಬಂದರೆ "ನಮಗೆ ಗೊತ್ತಿರಲಿಲ್ಲ" ಅನ್ನಲಾಗದು.

[ದೃಶ್ಯ: ಮನೆಯ ತಾರಸಿ. ಪ್ಲಾಸ್ಟರ್ ಆಗದ ಗೋಡೆ, ಟಾರ್ಪಾಲಿನ್ ಮುಚ್ಚಿದ ಮರಳಿನ ಗುಡ್ಡೆ.]

ನಮ್ಮ ಯಜಮಾನರು ಮೇಸ್ತ್ರಿಯನ್ನು ಕರೆಸಲಿಲ್ಲ. ಉಳಿದ ಸಿಮೆಂಟು ಗಟ್ಟಿಯಾಗುತ್ತೆ ಅಂತ ಬೇರೆಯವರಿಗೆ ಮಾರಿದರು. ಎರಡು ತಿಂಗಳ ನಂತರ ಹೈಕೋರ್ಟು ಪಾಲಿಕೆಯ ಆದೇಶ ರದ್ದು ಮಾಡಿ, "ಅವರ ಉತ್ತರ ಓದಿ ಹೊಸದಾಗಿ ನಿರ್ಧರಿಸಿ, ಅಲ್ಲಿಯವರೆಗೆ ಕೆಡವಬೇಡಿ" ಅಂತ ವಾಪಸ್ ಕಳಿಸಿತು. ಮನೆಯಲ್ಲಿ ಪಾಯಸ ಮಾಡಿದರಂತೆ. ನಾನು ಫೋನ್‌ನಲ್ಲಿ ಕೇಳಿದ್ದು ಒಂದೇ, "ಯಜಮಾನ್ರೇ, ಆರನೇ ತಾರೀಕು ಕೊಟ್ಟ ಆ ಉತ್ತರದಲ್ಲಿ ಮೂರನೇ ಮಹಡಿಗೆ ಕಾರಣ ಏನು ಬರೆದಿದ್ದೀರಿ?"