ಮ್ಯಾರಥಾನ್ ಟೈಮ್ ಯಾವಾಗ ನಿಜವಾದ ಟೈಮ್ ಆಗುತ್ತದೆ?

ಎಲ್ಲರಿಗೂ ನಮಸ್ಕಾರ. ಓಡುವವರೂ, ಓಡುವವರ ಮನೆಯವರೂ ಇಷ್ಟು ಜನ ಸೇರಿದ್ದೀರಿ, ಸಂತೋಷ.

1981ರ ಅಕ್ಟೋಬರ್‌ನಲ್ಲಿ ನಡೆದ ನ್ಯೂಯಾರ್ಕ್ ಮ್ಯಾರಥಾನಿನಿಂದ ಶುರು ಮಾಡುತ್ತೇನೆ. ಆಲ್ಬರ್ಟೊ ಸಲಜಾರ್ ಆ ದಿನ 2 ಗಂಟೆ 8 ನಿಮಿಷ 13 ಸೆಕೆಂಡಿಗೆ ಮುಗಿಸಿದರು. 1969ರಲ್ಲಿ ಆಂಟ್ವರ್ಪ್‌ನಲ್ಲಿ ಡೆರೆಕ್ ಕ್ಲೇಟನ್ ಓಡಿದ್ದು 2:08:33.6. ಹನ್ನೆರಡು ವರ್ಷ ಯಾರೂ ಮುಟ್ಟದ ಆ ಟೈಮ್ ಮುರಿಯಿತು ಅಂತ ಜಗತ್ತೆಲ್ಲ ಸಂಭ್ರಮಿಸಿತು. ಕೆಲವು ವರ್ಷಗಳ ನಂತರ ಆ ನ್ಯೂಯಾರ್ಕ್ ದಾರಿಯನ್ನು ಮತ್ತೆ ಅಳೆದರು. ಸುಮಾರು 148 ಮೀಟರ್ ಕಡಿಮೆ ಇತ್ತು.

ಈಗ ಲೆಕ್ಕ ಹಾಕೋಣ. ಸಲಜಾರ್ ಒಂದು ಕಿಲೋಮೀಟರಿಗೆ ಸುಮಾರು 183 ಸೆಕೆಂಡು ತೆಗೆದುಕೊಂಡಿದ್ದರು. ಆ ವೇಗದಲ್ಲಿ 148 ಮೀಟರ್ ಅಂದರೆ 27 ಸೆಕೆಂಡು. ಅದನ್ನು ಸೇರಿಸಿದರೆ 2:08:40. ಅಂದರೆ ಕ್ಲೇಟನ್ ಟೈಮ್ ಮುರಿದೇ ಇರಲಿಲ್ಲ. ಕೊನೆಗೆ ವಿಶ್ವದ ಅತ್ಯುತ್ತಮ ಟೈಮ್ ಎಂಬ ಮಾನ್ಯತೆ, ಅದೇ ಡಿಸೆಂಬರ್‌ನಲ್ಲಿ ಫುಕುವೋಕಾದಲ್ಲಿ 2:08:18 ಓಡಿದ್ದ ರಾಬ್ ಡಿ ಕ್ಯಾಸ್ಟೆಲಾ ಅವರಿಗೆ ಹೋಯಿತು. ಆಂಟ್ವರ್ಪ್ ದಾರಿಯ ಉದ್ದದ ಬಗ್ಗೆಯೂ ಮೊದಲಿನಿಂದ ಅನುಮಾನ ಇತ್ತು ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ.

ಈ ಕಥೆಯಲ್ಲಿ ಗಡಿಯಾರದ ತಪ್ಪು ಒಂದು ಸೆಕೆಂಡೂ ಇರಲಿಲ್ಲ. ನಾವು ಟೈಮ್ ಅಂದಾಗ ಗಡಿಯಾರವನ್ನೇ ನೋಡುತ್ತೇವೆ. ಆದರೆ 42.195 ಕಿಲೋಮೀಟರ್ ಅಂತ ಬೋರ್ಡಿನಲ್ಲಿ ಬರೆದಿರುವುದು ನಿಜಕ್ಕೂ ಅಷ್ಟಿದೆಯಾ ಅನ್ನೋದೇ ದೊಡ್ಡ ಪ್ರಶ್ನೆ. ಅದಕ್ಕೇ ಇವತ್ತು ಓಟಗಾರರ ಟೈಮ್ ದಾಖಲಿಸುವ ಚಿಪ್‌ಗಿಂತ ಮೊದಲು ಸೈಕಲ್ ಬಗ್ಗೆ ಮಾತಾಡುತ್ತೇನೆ.

ಹೌದು, ಸೈಕಲ್. ಇವತ್ತಿಗೂ ಪ್ರಮಾಣಪತ್ರ ಇರುವ ಮ್ಯಾರಥಾನ್ ದಾರಿಯನ್ನು ಅಳೆಯುವುದು ಸೈಕಲ್‌ನಲ್ಲೇ. ಕಾರಿನ ಮೀಟರ್ ಆಗಲ್ಲ, ಮೊಬೈಲ್ ಜಿಪಿಎಸ್ ಆಗಲ್ಲ. ಇಂಗ್ಲೆಂಡಿನ ಜಾನ್ ಜ್ಯೂಯೆಲ್ 1960ರ ದಶಕದ ಆರಂಭದಲ್ಲಿ ಈ ವಿಧಾನವನ್ನು ಒಪ್ಪ ಮಾಡಿದರು. ಒಲಿಂಪಿಕ್ ಮ್ಯಾರಥಾನ್ ಓಡಿದ್ದ ಟೆಡ್ ಕಾರ್ಬಿಟ್ 1964ರಲ್ಲಿ ಅದನ್ನು ಅಮೆರಿಕಕ್ಕೆ ತಂದರು. ಆಮೇಲೆ ಆಲನ್ ಜೋನ್ಸ್ ಮುಂದಿನ ಚಕ್ರದ ಅಚ್ಚಿಗೆ ಕೂರಿಸುವ ಒಂದು ಪುಟ್ಟ ಹಲ್ಲುಚಕ್ರದ ಕೌಂಟರ್ ಮಾಡಿದರು. ಈಗ ಬಳಸುವ ಕೌಂಟರಿನಲ್ಲಿ ಚಕ್ರ ಒಂದು ಸುತ್ತು ತಿರುಗಿದರೆ ಅಂಕಿ ಸುಮಾರು 24 ಹೆಜ್ಜೆ ಮುಂದೆ ಹೋಗುತ್ತದೆ. ಒಂದು ಅಂಕಿಗೆ ನೆಲದ ಮೇಲೆ ಹೆಚ್ಚುಕಡಿಮೆ 9 ಸೆಂಟಿಮೀಟರ್.

ಆದರೆ ಒಂದು ಕಿಲೋಮೀಟರಿಗೆ ಎಷ್ಟು ಅಂಕಿ ಅಂತ ಕೌಂಟರ್ ತಾನಾಗಿ ಹೇಳಲ್ಲ. ಅದು ಟೈರು, ಗಾಳಿ, ಸವಾರನ ತೂಕ, ಆ ದಿನದ ಬಿಸಿಲು ಎಲ್ಲವನ್ನೂ ಅವಲಂಬಿಸುತ್ತದೆ. ಹಾಗಾಗಿ ಮೊದಲು ಒಂದು ನೇರ ರಸ್ತೆಯಲ್ಲಿ, 300 ಮೀಟರ್ ಅಂತ ಇಟ್ಟುಕೊಳ್ಳಿ, ಉಕ್ಕಿನ ಟೇಪಿನಿಂದ ಅಳೆದು ಎರಡು ಮೊಳೆ ಹೊಡೆಯುತ್ತಾರೆ. ಟೇಪನ್ನು ಗೊತ್ತಾದ ಬಲದಿಂದ ಎಳೆದು ಹಿಡಿಯಬೇಕು. ಬಿಸಿಯನ್ನೂ ಬರೆದುಕೊಳ್ಳಬೇಕು. ಟೇಪಿನ ಅಳತೆ ಸರಿಯಿರುವುದು 20 ಡಿಗ್ರಿಯಲ್ಲಿ. ರಸ್ತೆ 35 ಡಿಗ್ರಿ ಇದ್ದರೆ ಉಕ್ಕು ಹಿಗ್ಗಿ, 300 ಮೀಟರಿನಲ್ಲಿ 5 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಇಷ್ಟೇನಾ ಅನ್ನಿಸಬಹುದು. ಇಡೀ ಮ್ಯಾರಥಾನಿಗೆ ಅದು 7 ಮೀಟರ್ ಆಗುತ್ತದೆ.

ಆ ಎರಡು ಮೊಳೆಗಳ ನಡುವೆ ಸೈಕಲ್ ಸವಾರ ನಾಲ್ಕು ಸಲ ಹೋಗುತ್ತಾನೆ. ಸುಮ್ನೆ ಒಂದು ಉದಾಹರಣೆ: ಅಂಕಿಗಳು 3376, 3377, 3376, 3377 ಬಂದವು. ಸರಾಸರಿ 3376.5. ಅಂದರೆ ಒಂದು ಕಿಲೋಮೀಟರಿಗೆ 11,255. ಈಗ ಇದಕ್ಕೆ ಸಾವಿರಕ್ಕೆ ಒಂದು ಪಾಲು ಸೇರಿಸುತ್ತಾರೆ, 11,266 ಆಗುತ್ತದೆ. ಈ ಸಣ್ಣ ಹೆಚ್ಚುವರಿ ಬೇಕೇ ಬೇಕು. ಯಾವ ಅಳತೆಯಲ್ಲೂ ಸ್ವಲ್ಪ ತಪ್ಪು ಇದ್ದೇ ಇರುತ್ತದೆ. ಆ ತಪ್ಪು ಎತ್ತ ವಾಲಿದರೂ ದಾರಿ ಮಾತ್ರ ಕಡಿಮೆಯಾಗಬಾರದು. ಹೀಗಾಗಿ ಪ್ರಮಾಣಿತ ಮ್ಯಾರಥಾನ್ ದಾರಿಯನ್ನು ಬೇಕಂತಲೇ 42 ಮೀಟರ್ ಜಾಸ್ತಿ ಇಡುತ್ತಾರೆ. ನಾಲ್ಕು ಗಂಟೆಯ ಓಟಗಾರರಿಗೆ ಅದು ಸುಮಾರು 14 ಸೆಕೆಂಡು. ಎಲ್ಲರೂ ಸಮಾನವಾಗಿ ಕೊಡುವ ಸುಂಕ ಅದು.

ಇಡೀ ದಾರಿ ಅಳೆದು ಮುಗಿಸಿದ ಮೇಲೆ ಸವಾರ ಮತ್ತೆ ಅದೇ 300 ಮೀಟರಿಗೆ ಬಂದು ಇನ್ನೂ ನಾಲ್ಕು ಸಲ ಹೋಗಬೇಕು. ತಪ್ಪು ಎಲ್ಲಿದೆ ಅಂತ ಗೊತ್ತಾಗುವುದೇ ಇಲ್ಲಿ. ಬೆಳಗಿನ ಜಾವದ ತಂಪಿನಲ್ಲಿ 3376.5 ಇದ್ದದ್ದು, ಹತ್ತು ಗಂಟೆಯ ಬಿಸಿಲಿಗೆ 3373 ಆಗಿರುತ್ತದೆ. ಟೈರು ಬಿಸಿಯಾಗಿ ಉಬ್ಬಿದೆ, ಅದೇ ದೂರಕ್ಕೆ ಕಡಿಮೆ ಸುತ್ತು ಸಾಕು. ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು, ಅಂದರೆ ಮ್ಯಾರಥಾನಿನಲ್ಲಿ 40 ಮೀಟರಿಗೂ ಜಾಸ್ತಿ. ಹೀಗಾದರೆ ದಾರಿ ಸ್ವಲ್ಪ ಉದ್ದವಾಗುತ್ತದೆ, ಅಷ್ಟು ಚಿಂತೆಯಿಲ್ಲ. ಉಲ್ಟಾ ಆದರೆ ಕಷ್ಟ. ನಡುವೆ ಟೈರಿನ ಗಾಳಿ ನಿಧಾನವಾಗಿ ಇಳಿಯುತ್ತಾ ಬಂದಿದ್ದರೆ ಅಂಕಿಗಳು ಬೇಗ ಬೇಗ ಬರುತ್ತವೆ, ದಾರಿ ಮುಗಿಯುವ ಮೊದಲೇ ಲೆಕ್ಕ ಮುಗಿದುಹೋಗುತ್ತದೆ. ಕೊನೆಯ ನಾಲ್ಕು ಸವಾರಿ ಮಾಡದಿದ್ದರೆ ಇದು ಯಾರಿಗೂ ಗೊತ್ತೇ ಆಗಲ್ಲ. ಮೊದಲಿನ ಮತ್ತು ಕೊನೆಯ ಅಂಕಿಗಳಲ್ಲಿ ದೊಡ್ಡದನ್ನು ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಇನ್ನು ಸೈಕಲ್ ಯಾವ ಗೆರೆಯಲ್ಲಿ ಹೋಗಬೇಕು? ಓಟಗಾರರು ಓಡಬಹುದಾದ ಅತಿ ಹತ್ತಿರದ ದಾರಿಯಲ್ಲಿ. ತಿರುವಿನಲ್ಲಿ ಫುಟ್‌ಪಾತಿನ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಹೋಗಬೇಕು. ಬಲತಿರುವು ಮುಗಿದು ಮುಂದೆ ಎಡತಿರುವು ಇದ್ದರೆ ರಸ್ತೆಯನ್ನು ನೇರವಾಗಿ ಓರೆಗೆ ದಾಟಬೇಕು. ಅದಕ್ಕೇ ಅಳತೆ ನಡೆಯುವುದು ವಾಹನ ಕಡಿಮೆ ಇರುವ ಹೊತ್ತಿನಲ್ಲಿ, ಮುಂದೆ ಹಿಂದೆ ಪೊಲೀಸ್ ಗಾಡಿ ಇಟ್ಟುಕೊಂಡು. ಸವಾರ ಎಡಬದಿಗೇ ಅಂಟಿಕೊಂಡು ಹೋದರೆ ಅವನ ಲೆಕ್ಕದಲ್ಲಿ ದೂರ ಜಾಸ್ತಿ ಬರುತ್ತದೆ. ಓಟದ ದಿನ ಇಡೀ ರಸ್ತೆ ಖಾಲಿ ಇದ್ದಾಗ ಓಟಗಾರರು ಅಡ್ಡ ಕತ್ತರಿಸಿ ಕಡಿಮೆ ಓಡುತ್ತಾರೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಓಟದ ದಿನ ಒಂದು ಕೋನ್ ಕೆಡಿಸಬಹುದು. ಹೋಗಿ ತಿರುಗಿ ಬರುವ ಜಾಗದಲ್ಲಿ ಕೋನ್ ಅನ್ನು 20 ಮೀಟರ್ ಮೊದಲೇ ಇಟ್ಟರೆ ದಾರಿ 40 ಮೀಟರ್ ಕಡಿಮೆಯಾಯಿತು, ಸೇರಿಸಿದ್ದ 42 ಮೀಟರ್ ಅಲ್ಲೇ ಕರಗಿತು. ಹಾಗಾಗಿ ಒಳ್ಳೆಯ ಪ್ರಮಾಣಪತ್ರದ ಜೊತೆ ನಕ್ಷೆ ಇರುತ್ತದೆ: ತಿರುವಿನ ಮೊಳೆ ಎಲ್ಲಿದೆ, ಯಾವ ದೀಪದ ಕಂಬದಿಂದ ಎಷ್ಟು ಮೀಟರ್ ದೂರ ಅಂತ. ಯಾರು ಬೇಕಾದರೂ ಟೇಪ್ ಹಿಡಿದು ಹೋಗಿ ನೋಡುವ ಹಾಗೆ.

ಸಲಜಾರ್ ಅಂಥವರಿಗೆ ಮಾತ್ರ ಇದು ಮುಖ್ಯ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯಾರಥಾನ್ 2013, 2014, 2015ರಲ್ಲಿ 380 ಮೀಟರ್ ಕಡಿಮೆ ಇತ್ತು ಅಂತ 2016ರಲ್ಲಿ ಗೊತ್ತಾಯಿತು. ಸುಮಾರು 24,000 ಜನರ ಟೈಮ್ ಮ್ಯಾರಥಾನ್ ಟೈಮ್ ಆಗಿ ಉಳಿಯಲಿಲ್ಲ. ಅಲ್ಲಿ 3:58:30ಕ್ಕೆ ಮುಗಿಸಿದ ಒಬ್ಬರನ್ನು ಊಹಿಸಿಕೊಳ್ಳಿ. ಅವರ ವೇಗದಲ್ಲಿ 380 ಮೀಟರ್ ಅಂದರೆ 2 ನಿಮಿಷ 10 ಸೆಕೆಂಡು. ನಿಜವಾದ ಟೈಮ್ 4:00:40. ನಾಲ್ಕು ಗಂಟೆಯೊಳಗೆ ಮುಗಿಸಬೇಕು ಅಂತ ವರ್ಷಗಟ್ಟಲೆ ಬೆವರು ಸುರಿಸಿದವರಿಗೆ ಇದು ಎಷ್ಟು ನೋವಿನ ಸುದ್ದಿ, ಅಲ್ವಾ? ಅವರ ಚಿಪ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು.

ಈಗ ಚಿಪ್‌ಗೆ ಬರೋಣ. ದೊಡ್ಡ ಓಟದಲ್ಲಿ ಗನ್ ಹೊಡೆದಾಗ ಎಲ್ಲರೂ ಗೆರೆಯ ಮೇಲೆ ಇರಲ್ಲ. ಹಿಂದಿನ ಸಾಲಿನವರು ಗೆರೆ ತಲುಪಲು ಹತ್ತು ನಿಮಿಷ ಆಗಬಹುದು. 1996ರಲ್ಲಿ ಬಾಸ್ಟನ್ ಮ್ಯಾರಥಾನಿನ ನೂರನೇ ಓಟದಲ್ಲಿ ಶೂಗೆ ಕಟ್ಟುವ ಚಿಪ್ ಬಳಸಿದರು, ಆಮೇಲೆ ಅದು ಎಲ್ಲೆಡೆ ಹರಡಿತು. ಈಗ ಹೆಚ್ಚಾಗಿ ಅದು ನಿಮ್ಮ ನಂಬರ್ ಚೀಟಿ, ಅಂದರೆ ಬಿಬ್ ಹಿಂದೆ ಅಂಟಿಸಿದ ತೆಳ್ಳನೆಯ ಪಟ್ಟಿ. ಅದರಲ್ಲಿ ಬ್ಯಾಟರಿ ಇಲ್ಲ. ನೆಲದ ಮ್ಯಾಟ್ ಅಥವಾ ಪಕ್ಕದ ಆಂಟೆನಾ ಕಳಿಸುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರ್ ವಾಪಸ್ ಹೇಳುತ್ತದೆ. ರೀಡರ್ ಆ ನಂಬರಿನ ಪಕ್ಕದಲ್ಲಿ ಸಮಯ ಬರೆದುಕೊಳ್ಳುತ್ತದೆ.

ಒಂದೇ ಚಿಪ್ ಮ್ಯಾಟ್ ದಾಟುವಾಗ ಹಲವು ಸಲ ಓದಿಸಿಕೊಳ್ಳುತ್ತದೆ. ಯಾವುದನ್ನು ತೆಗೆದುಕೊಳ್ಳಬೇಕು? ಶುರುವಿನಲ್ಲಿ ಸಾಮಾನ್ಯವಾಗಿ ಕೊನೆಯದ್ದು, ಯಾಕೆಂದರೆ ಜನ ಮ್ಯಾಟ್ ಹತ್ತಿರವೇ ಫೋಟೋ ತೆಗೆಸಿಕೊಳ್ಳುತ್ತಾ ನಿಂತಿರುತ್ತಾರೆ. ಕೊನೆಯಲ್ಲಿ ಮೊದಲನೆಯದ್ದು, ಯಾಕೆಂದರೆ ಮುಗಿಸಿದವರು ಅಲ್ಲೇ ಬಗ್ಗಿ ಉಸಿರು ಬಿಡುತ್ತಾರೆ. ಆಂಟೆನಾ ಗೆರೆಗಿಂತ ಸ್ವಲ್ಪ ಮುಂಚೆಯೇ ಚಿಪ್ ಅನ್ನು ಹಿಡಿಯಬಹುದು. ಅದರಿಂದ ಸೆಕೆಂಡಿನ ಒಂದು ಪಾಲು ಹೆಚ್ಚುಕಡಿಮೆ ಆಗುತ್ತದೆ, ನಮ್ಮಂಥವರಿಗೆ ಅದು ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಬರುವುದು ಓದದೇ ಹೋಗುವುದು. ಈ ಅಲೆ ನೀರನ್ನು ದಾಟಲ್ಲ, ನಮ್ಮ ಮೈಯೆಲ್ಲ ನೀರೇ. ಬಿಬ್ ಮಡಚಿದರೆ, ಸೊಂಟದ ಹಿಂದೆ ತಿರುಗಿಸಿದರೆ, ನೀರಿನ ಬಾಟಲಿಯ ಬೆಲ್ಟ್ ಅದರ ಮೇಲೆ ಕೂತರೆ ಚಿಪ್ ಮೂಕವಾಗುತ್ತದೆ. ಅದಕ್ಕೇ ಕೊನೆಯ ಗೆರೆಯ ಹಿಂದೆ ಇನ್ನೊಂದು ಮ್ಯಾಟ್ ಇಡುತ್ತಾರೆ. ಶುರುವಿನಲ್ಲಿ ಓದದಿದ್ದರೆ, ಗನ್ ಹೊಡೆದ ಕ್ಷಣದಿಂದ ಎಣಿಸುವ ಗನ್ ಟೈಮ್ ಅನ್ನೇ, ನೀವು ಶುರುವಿನ ಗೆರೆ ದಾಟಿದ ಕ್ಷಣದಿಂದ ಎಣಿಸುವ ಚಿಪ್ ಟೈಮ್ ಆಗಿ ತೋರಿಸುವುದುಂಟು. ನೀವು ಹಿಂದಿನ ಸಾಲಿನಲ್ಲಿ ನಿಂತಿದ್ದು, ಫಲಿತಾಂಶದಲ್ಲಿ ಎರಡೂ ಟೈಮ್ ಒಂದೇ ಇದ್ದರೆ ನಿಮ್ಮ ಶುರು ದಾಖಲಾಗಿಲ್ಲ ಅಂತ ಅರ್ಥ. ತಕ್ಷಣ ಟೈಮಿಂಗ್ ತಂಡಕ್ಕೆ ಬರೆಯಿರಿ.

ನಡುದಾರಿಯ ಮ್ಯಾಟ್‌ಗಳೂ ಅಷ್ಟೇ ಮುಖ್ಯ. 1980ರಲ್ಲಿ ರೋಸಿ ರೂಯಿಜ್ ಬಾಸ್ಟನ್ ಮಹಿಳಾ ವಿಭಾಗ ಗೆದ್ದರು ಅಂತ ಹಾರ ಹಾಕಿದರು. ಆಕೆ ಇಡೀ ದಾರಿ ಓಡಿರಲಿಲ್ಲ. ಎಂಟು ದಿನದ ನಂತರ ಗೆಲುವನ್ನು ಜಾಕ್ಲಿನ್ ಗರೋ ಅವರಿಗೆ ಕೊಟ್ಟರು. ಪ್ರತಿ 5 ಕಿಲೋಮೀಟರಿಗೆ ಒಂದು ಮ್ಯಾಟ್ ಇದ್ದಿದ್ದರೆ ಆ ಸಂಜೆಯೇ ಗೊತ್ತಾಗುತ್ತಿತ್ತು.

ಇಷ್ಟು ಒಳ್ಳೆಯ ಚಿಪ್ ಟೈಮ್ ಇದ್ದರೂ ಗೆದ್ದವರನ್ನು ಗನ್ ಟೈಮಿನಿಂದ ಯಾಕೆ ತೀರ್ಮಾನಿಸುತ್ತಾರೆ ಅಂತ ಜನ ಕೇಳುತ್ತಾರೆ. ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲಿ ಅಧಿಕೃತ ಟೈಮ್ ಅಂದರೆ ಗನ್‌ನಿಂದ ಗೆರೆವರೆಗೆ. ನನಗೆ ಇದು ಸರಿ ಅನ್ನಿಸುತ್ತದೆ. ಮುಂದಿರುವವನನ್ನು ಹಿಂದೆ ಹಾಕುವುದೇ ಸ್ಪರ್ಧೆ. ಹಿಂದಿನ ಸಾಲಿನಿಂದ ಬಂದ ಒಬ್ಬರು, ಮುಂದಿನವರ ಕಣ್ಣಿಗೇ ಬೀಳದೆ ಚಿಪ್ ಲೆಕ್ಕದಲ್ಲಿ ಗೆದ್ದರೆ ಅದು ಸ್ಪರ್ಧೆಯಾಗಲ್ಲ. ಆದರೆ ನಿಮ್ಮ ಓಟವನ್ನು ಹೋದ ವರ್ಷದ ನಿಮ್ಮ ಓಟದ ಜೊತೆ, ಬೇರೆ ಊರಿನವರ ಓಟದ ಜೊತೆ ಹೋಲಿಸಬೇಕಾದಾಗ ಚಿಪ್ ಟೈಮೇ ನ್ಯಾಯ. ಬಾಸ್ಟನ್‌ಗೆ ಅರ್ಹತೆ ಪಡೆಯಲು ಬೆಂಗಳೂರಿನವರು ಮುಂಬೈಯಲ್ಲಿ ಓಡಿದರೂ ಅಲ್ಲಿ ನೋಡುವುದು ಚಿಪ್ ಟೈಮ್. ಜೊತೆಗೆ ದಾರಿಗೆ ಪ್ರಮಾಣಪತ್ರ ಇರಲೇಬೇಕು.

ಈ ಎರಡೂ ಸೇರಿದರೂ ಗಾಳಿ ಮತ್ತು ಇಳಿಜಾರು ಉಳಿದೇ ಇರುತ್ತವೆ. ಬಾಸ್ಟನ್ ದಾರಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತದೆ, ಒಟ್ಟಾರೆ ಕೆಳಕ್ಕೆ ಇಳಿಯುತ್ತದೆ. 2011ರಲ್ಲಿ ಬೆನ್ನ ಹಿಂದೆ ಒಳ್ಳೆಯ ಗಾಳಿ ಇದ್ದ ದಿನ ಜೆಫ್ರಿ ಮುಟಾಯ್ ಅಲ್ಲಿ 2:03:02 ಓಡಿದರು. ಅಂದಿನ ವಿಶ್ವದಾಖಲೆ 2:03:59. ದೂರ ಸರಿ, ಗಡಿಯಾರ ಸರಿ, ಆದರೂ ದಾಖಲೆ ಸಿಗಲಿಲ್ಲ. ದಾಖಲೆಗೆ ಶುರು ಮತ್ತು ಕೊನೆಯ ಗೆರೆಗಳ ನಡುವಿನ ನೇರ ದೂರ ಓಟದ ಅರ್ಧಕ್ಕಿಂತ ಹೆಚ್ಚಿರಬಾರದು, ಇಳಿಜಾರು ಕಿಲೋಮೀಟರಿಗೆ 1 ಮೀಟರ್ ದಾಟಬಾರದು.

ಕೊನೆಯದಾಗಿ, ಪ್ರತಿ ಓಟದ ನಂತರ ನನ್ನ ಹತ್ತಿರ ಬರುವ ದೂರು. "ಸರ್, ನನ್ನ ವಾಚ್ 42.7 ತೋರಿಸ್ತು, ನಿಮ್ಮ ಕೋರ್ಸ್ ಉದ್ದ ಇದೆ." ಇದರಲ್ಲಿ 42 ಮೀಟರ್ ನಾವೇ ಸೇರಿಸಿದ್ದು. ಸೈಕಲ್ ಹೋದ ಗೆರೆಯಲ್ಲಿ ನೀವು ಓಡಿಲ್ಲ. ಜನರನ್ನು ಬಳಸಿ, ನೀರಿನ ಟೇಬಲ್ ಕಡೆ ಸರಿದು, ತಿರುವಿನ ಹೊರಬದಿಯಲ್ಲಿ ಓಡಿದ್ದೀರಿ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ನಿಮ್ಮನ್ನು ಅಂಕುಡೊಂಕಾಗಿ ಓಡಿಸಿದೆ. ಹಾಗಂತ ವಾಚ್ ಅನ್ನು ಪೂರ್ತಿ ತಳ್ಳಿಹಾಕಬೇಡಿ. ಒಂದೇ ಓಟದಲ್ಲಿ ಹೆಚ್ಚುಕಡಿಮೆ ಎಲ್ಲರ ವಾಚೂ 42.1ಕ್ಕಿಂತ ಕಡಿಮೆ ತೋರಿಸಿದರೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಪ್ರಮಾಣಪತ್ರದ ನಕ್ಷೆ ಕೇಳಿ, ಅಳೆದವರು ಯಾರು, ಯಾವ ವರ್ಷ ಅಂತ ನೋಡಿ. ಆಮೇಲೆ ಮೊದಲು ತಿರುವಿನ ಕೋನ್ ಎಲ್ಲಿ ಇಟ್ಟಿದ್ದರು ಅಂತ ವಿಚಾರಿಸಿ.