ಮೊದಲು ಫೋಟೋ, ಆಮೇಲೆ ಪ್ರಶ್ನೆ

ಕೇಳುಗರಿಗೆ ನಮಸ್ಕಾರ. ಅಜ್ಜಿಯ ಬದುಕನ್ನು ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡೋಣ ಅಂತ ಕ್ಯಾಮೆರಾ ಇಟ್ಟುಕೊಂಡು ಕೂತವರು ಮೊದಲು ಕೇಳುವುದೇ, “ಅಜ್ಜಿ, ನೀವು ಹುಟ್ಟಿದ್ದು ಯಾವಾಗ?” “ಯಾರು ಬರೆದಿಟ್ಟಿದಾರೆ ಮಗಾ” ಅಂದರೆ ಅಲ್ಲಿಗೆ ಮಾತು ಮುಗೀತು. ಅದೇ ಮದುವೆಯ ಫೋಟೋ ಕೈಗೆ ಕೊಡಿ, ನಿಲ್ಲಿಸುವುದು ಕಷ್ಟ. ಆದ್ದರಿಂದ ಸಂದರ್ಶನದ ರೂಪರೇಷೆಯನ್ನು ಫೋಟೋಗಳಿಂದಲೇ ಕಟ್ಟಿ.

ಟ್ರಂಕಿನಲ್ಲಿ ಎಷ್ಟೇ ಇರಲಿ, 12 ಆರಿಸಿಕೊಂಡರೆ ಸಾಕು. ಹಳೆಯ ಕಟ್ಟಿನಲ್ಲಿ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ದಯವಿಟ್ಟು ಎಳೆಯಬೇಡಿ. ಮಳೆಗಾಲದ ತೇವಕ್ಕೆ ಮೇಲ್ಪದರ ಮೆತ್ತಗಾಗಿ ಗಾಜು ಹಿಡಿದಿರುತ್ತದೆ. ಎಳೆದರೆ ಮುಖವೇ ಗಾಜಿನ ಜೊತೆ ಹೋಗುತ್ತದೆ. ಗಾಜಿನ ಮೇಲಿಂದಲೇ, ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ನಿಮ್ಮ ನೆರಳು ಗಾಜಿನಲ್ಲಿ ಕಂಡರೆ ಕಪ್ಪು ಬಟ್ಟೆಗೆ ತೂತು ಮಾಡಿ, ಅದರ ಹಿಂದಿನಿಂದ ಕ್ಯಾಮೆರಾ ಹಿಡಿಯಿರಿ. ಬಿಡಿ ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಹಿಂಬದಿಯನ್ನೂ ಬಿಡಬೇಡಿ. ಸ್ಟುಡಿಯೋದ ಮುದ್ರೆ ಇರುವುದು ಅಲ್ಲೇ.

ಆಮೇಲೆ ಪ್ರತಿಯೊಂದನ್ನೂ ಎ4 ಹಾಳೆಯಲ್ಲಿ ದೊಡ್ಡದಾಗಿ ಮುದ್ರಿಸಿ, ಮೂಲೆಯಲ್ಲಿ ನಂಬರ್ ಹಾಕಿ. ಪೊರೆ ಬಂದ ಕಣ್ಣಿಗೆ ಅಂಗೈಯಗಲದ ಫೋಟೋ ಕಾಣುವುದಿಲ್ಲ. ಒಂದು ಬೈಠಕ್ಕಿಗೆ ನಾಲ್ಕೇ ಫೋಟೋ, ಮುಕ್ಕಾಲು ಗಂಟೆ. ಫೋಟೋ ಕೊಡುವಾಗ “ಇದು ಏಳನೇದು” ಎಂದು ಬಾಯಿಬಿಟ್ಟು ಹೇಳಿ, ಎಡಿಟಿಂಗ್‌ನಲ್ಲಿ ಹುಡುಕಾಟ ತಪ್ಪುತ್ತದೆ.

ಸಾಗರದ ಕಡೆಯ ಒಂದು ಮದುವೆ ಗುಂಪಿನ ಫೋಟೋ ಅಂದುಕೊಳ್ಳಿ. ಯಾರು ಯಾರು ಎಂದು ಮೊದಲು ಕೇಳಿ. ನಂತರ, “ಇದರಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರು?” ಒಳ್ಳೆಯ ಕಥೆ ಹೊರಬರುವುದು ಹೆಚ್ಚಾಗಿ ಈ ಪ್ರಶ್ನೆಗೇ. ಇಸವಿ ಕೇಳಬೇಡಿ. “ಆಗ ನಯಾ ಪೈಸೆ ಬಂದಿತ್ತಾ?” ಎನ್ನಿ. ಬಂದಿತ್ತು ಅಂದರೆ 1957ರ ಏಪ್ರಿಲ್‌ನ ನಂತರದ್ದು. ಹಿಂದೆ ಕಾಣುವ ಮನೆ ಶರಾವತಿ ಹಿನ್ನೀರಿನಲ್ಲಿ ಮುಳುಗಿದ್ದು ಅಂದರೆ, ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಏಳು ವರ್ಷದೊಳಗೆ ಮದುವೆ ಸಿಕ್ಕಿತು. ಆದರೆ “ಆಣೆ ಲೆಕ್ಕ ನಡೀತಿತ್ತು” ಎಂಬ ಮಾತೊಂದನ್ನೇ ನಂಬಿ 1957ಕ್ಕೂ ಹಿಂದಕ್ಕೆ ಹೋಗಬೇಡಿ. ಹೊಸ ನಾಣ್ಯ ಬಂದ ಮೇಲೂ ಜನರ ಬಾಯಲ್ಲಿ ಆಣೆ ಉಳಿದಿತ್ತು.

ಇನ್ನೊಂದು ಎಡವಟ್ಟು ಗೊತ್ತಾಗುವುದು ಎಡಿಟ್ ಮಾಡುವಾಗ. “ಶಾಲೆ ಎಷ್ಟು ದೂರ?” “ಮೂರು ಮೈಲಿ.” ನಿಮ್ಮ ದನಿ ಕತ್ತರಿಸಿದರೆ ಉಳಿಯುವುದು ಬರೀ ಮೂರು ಮೈಲಿ. “ಶಾಲೆಗೆ ಹೋಗೋ ದಾರಿ ಹೇಳಿ ಅಜ್ಜಿ” ಎಂದರೆ ಹಳ್ಳ, ಸಂಕ, ಜಿಗಣೆ ಎಲ್ಲವೂ ಪೂರ್ತಿ ವಾಕ್ಯದಲ್ಲೇ ಬರುತ್ತವೆ. ಅವರು ನಿಲ್ಲಿಸಿದ ಮೇಲೆ ಐದು ಸೆಕೆಂಡ್ ಬಾಯಿ ಬಿಡಬೇಡಿ, ಎಷ್ಟೋ ಸಲ ಮುಂದಿನ ಮಾತು ಆಮೇಲೆ ಬರುತ್ತದೆ.

ಮೈಕನ್ನು ಸೆರಗಿಗೆ ಸಿಕ್ಕಿಸಿದರೆ ಉಜ್ಜುವ ಸದ್ದು. ಕುತ್ತಿಗೆಯಿಂದ ಒಂದು ಗೇಣು ಕೆಳಗೆ, ಸೆರಗು ತಾಗದ ಕಡೆ ಹಾಕಿ. ಫ್ಯಾನ್, ಫ್ರಿಜ್ ಆರಿಸಿ. ಕೊನೆಗೆ ಯಾರೂ ಮಾತಾಡದೆ ಅರ್ಧ ನಿಮಿಷ ಆ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳಿ, ಕತ್ತರಿಸಿದ ಜಾಗಗಳಲ್ಲಿ ತುಂಬುವುದಕ್ಕೆ ಅದು ಬೇಕು. ಫ್ರಿಜ್ ಮತ್ತೆ ಹಾಕಲು ಮರೆಯಬೇಡಿ, ಹಾಲು ಒಡೆಯುತ್ತದೆ.